ಹಿಮ್ಮಡಿ ರಕ್ತದ ಕಾರ್ಡ್ ವಾಪಸ್ ಬರುತ್ತಿದೆ, ಎಲ್ಲಿ ತಪ್ಪುತ್ತಿದ್ದೇನೆ?

ಪ್ರಶ್ನೆ (ಸ್ಟಾಫ್ ನರ್ಸ್, ಹೆರಿಗೆ ವಾರ್ಡ್): ನವಜಾತ ಶಿಶುಗಳ ಸ್ಕ್ರೀನಿಂಗ್ ಕಾರ್ಡ್ ಈ ತಿಂಗಳು ಮೂರು ಸಲ ಲ್ಯಾಬ್‌ನಿಂದ ತಿರಸ್ಕೃತವಾಗಿ ಬಂತು. ವೃತ್ತ ತುಂಬುವಷ್ಟು ರಕ್ತ ಒಂದೇ ಸಲ ಬರುವುದಿಲ್ಲ, ಅದಕ್ಕೆ ಎರಡು ಮೂರು ಹನಿ ಸೇರಿಸಿ ತುಂಬುತ್ತೇನೆ. ಮೇಲಿಂದ ನೋಡಿದರೆ ಚೆನ್ನಾಗಿಯೇ ಇರುತ್ತದೆ. ಮತ್ತೇನು ಬೇಕು ಇವರಿಗೆ?

ಲ್ಯಾಬ್ ಟೆಕ್ನಿಷಿಯನ್: ಸಿಸ್ಟರ್, ಮುಂದಿನ ಕಾರ್ಡನ್ನು ತಿರುಗಿಸಿ ಹಿಂಬದಿ ನೋಡಿ. ನಾವು ಮೊದಲು ನೋಡುವುದೇ ಅಲ್ಲಿ. ಮುಂದೆ ತುಂಬಿದ ವೃತ್ತ, ಹಿಂದೆ ಅಲ್ಲಲ್ಲಿ ಬಿಳಿ ಚುಕ್ಕೆ ಇದ್ದರೆ ಕಾರ್ಡ್ ಹೋಯಿತು ಅಂತಲೇ ಲೆಕ್ಕ.

ನಾವು ಆ ಬೊಟ್ಟಿನಿಂದ 3.2 ಮಿ.ಮೀ. ಅಗಲದ ಒಂದು ಸಣ್ಣ ಬಿಲ್ಲೆ ಕತ್ತರಿಸುತ್ತೇವೆ. ಅದರಲ್ಲಿ ಸುಮಾರು 3 ಮೈಕ್ರೋಲೀಟರ್ ರಕ್ತ ಇದೆ ಎಂದು ನಂಬಿಯೇ ಯಂತ್ರ ಲೆಕ್ಕ ಹಾಕುವುದು. ಹನಿಯ ಮೇಲೆ ಹನಿ ಬಿದ್ದ ಕಡೆ ರಕ್ತ ದಪ್ಪಗೆ ಕೂತಿರುತ್ತದೆ, ಅಲ್ಲಿ ವರದಿಯ ಎಲ್ಲ ಅಂಕಿಯೂ ಏರುತ್ತದೆ. ಕಾಗದ ಪೂರ್ತಿ ನೆನೆಯದ ಕಡೆ ಇಳಿಯುತ್ತದೆ. ನನಗೆ ಭಯ ಇಳಿಯುವುದರದ್ದೇ. ಉದಾಹರಣೆಗೆ ಥೈರಾಯ್ಡ್ ತೊಂದರೆ ತೋರಿಸುವ ಹಾರ್ಮೋನ್ ಟಿಎಸ್‌ಎಚ್ 20 ದಾಟಿದರೆ ಮಗುವನ್ನು ಕರೆಸುವ ಲ್ಯಾಬ್ ಎಂದಿಟ್ಟುಕೊಳ್ಳಿ. ಮಗುವಿನ ನಿಜವಾದ ಅಂಕಿ 24. ಬಿಲ್ಲೆಯಲ್ಲಿ ಕಾಲು ಭಾಗ ರಕ್ತ ಕಡಿಮೆ ಇದ್ದರೆ ವರದಿಯಲ್ಲಿ 18 ಬರುತ್ತದೆ. ಥೈರಾಯ್ಡ್ ತೊಂದರೆ ಇರುವ ಮಗು ನಾರ್ಮಲ್ ಎಂದು ಮನೆಗೆ ಹೋಗುತ್ತದೆ. ಅದಕ್ಕೇ ವಾಪಸ್ ಕಳಿಸುತ್ತೇವೆ, ನಿಮ್ಮನ್ನು ಗೋಳುಹೊಯ್ದುಕೊಳ್ಳಲು ಅಲ್ಲ.

ಹಿಮ್ಮಡಿಯ ನಡುಭಾಗ, ಹಿಂದಿನ ಗುಂಡು ಎರಡನ್ನೂ ಬಿಡಿ, ಅಲ್ಲಿ ಮೂಳೆ ಹತ್ತಿರ. ಅಂಗಾಲಿನ ಕಡೆ, ಒಳ ಅಥವಾ ಹೊರ ಅಂಚಿನಲ್ಲಿ ಚುಚ್ಚಿ. ಆಳ 2 ಮಿ.ಮೀ. ದಾಟಬಾರದು. ಮೊದಲ ಹನಿ ಒರೆಸಿಬಿಡಿ. ಕಾಲು ಕೆಳಗಿರಲಿ, ಹಿಡಿತ ಆಗಾಗ ಸಡಿಲಿಸಿ, ಹನಿ ದಪ್ಪಗಾಗಿ ತಾನೇ ಜೋತಾಡುವವರೆಗೆ ಕಾಯಿರಿ. ಆಗ ಕಾಗದವನ್ನು ಹನಿಗೆ ತಾಗಿಸಿ, ಚರ್ಮಕ್ಕೆ ಒತ್ತಬೇಡಿ. ಒಂದೇ ಹನಿ, ಒಂದೇ ಬದಿ. ಸಾಲದೇ ಹೋದರೆ ಅದೇ ವೃತ್ತಕ್ಕೆ ಮರಳದೆ ಪಕ್ಕದ್ದಕ್ಕೆ ಹೋಗಿ.

ಹಿರಿಯ ನರ್ಸ್: ನಮ್ಮಲ್ಲಿ ಬೊಟ್ಟಿನ ಸುತ್ತ ಹಳದಿ ಉಂಗುರ ಬಂದು ವಾಪಸ್ ಆಗುತ್ತಿತ್ತು. ಸ್ಪಿರಿಟ್ ಒಣಗುವ ಮುಂಚೆ ಚುಚ್ಚುವುದೇ ಕಾರಣ. ರಕ್ತ ಬರದಿದ್ದರೆ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿಗೆ ತೆಗೆದು ಕಾರ್ಡಿಗೆ ಹಾಕಿದರಾಯಿತು.

ಲ್ಯಾಬ್ ಟೆಕ್ನಿಷಿಯನ್: ಸ್ಪಿರಿಟ್ ಮಾತು ಸರಿ ಮೇಡಂ, ಆದರೆ ಹಿಮ್ಮಡಿಯನ್ನು ಹಿಂಡಿದರೂ ಅದೇ ಉಂಗುರ ಬರುತ್ತದೆ; ರಕ್ತದ ಜೊತೆ ಅಂಗಾಂಶದ ನೀರೂ ಇಳಿಯುತ್ತದೆ. ಇಡಿಟಿಎ ಮಾತ್ರ ಬೇಡವೇ ಬೇಡ, ಕೆಲವು ಹಾರ್ಮೋನ್ ಪರೀಕ್ಷೆಗಳನ್ನೇ ಅದು ಕೆಡಿಸುತ್ತದೆ.

ಒಬ್ಬ ತಂದೆ: ನಮ್ಮ ಮಗುವಿಗೂ ಹಿಮ್ಮಡಿ ಚುಚ್ಚಿದ್ದರು. ಪಟ್ಟಿ ಮೇಲೆ ಒಂದು ಚಿಕ್ಕ ಹನಿ, ಅರ್ಧ ನಿಮಿಷದಲ್ಲಿ ಉತ್ತರ. ಇಷ್ಟೆಲ್ಲ ಯಾಕೆ?

ಪ್ರಶ್ನೆ ಕೇಳಿದವರು: ಅದು ಶುಗರ್ ನೋಡಿದ್ದು ಸರ್, ಇದು ಬೇರೆ.

ಒಬ್ಬ ತಾಯಿ: ನಮ್ಮನ್ನು ‘ಮತ್ತೆ ರಕ್ತ ಬೇಕು’ ಎಂದಷ್ಟೇ ಹೇಳಿ ಕರೆಸಿದರು. ಎರಡು ರಾತ್ರಿ ನಿದ್ದೆ ಇಲ್ಲ. ಕಾರ್ಡ್ ಕೆಟ್ಟಿತ್ತಂತೆ, ಅಷ್ಟೇ!

ಲ್ಯಾಬ್ ಟೆಕ್ನಿಷಿಯನ್: ಅದನ್ನು ಫೋನಿನಲ್ಲೇ ಹೇಳಬೇಕಿತ್ತು ಅಮ್ಮ. ಮಾದರಿ ಸರಿಯಿಲ್ಲ ಎನ್ನುವುದು ಬೇರೆ, ಪರೀಕ್ಷೆಯಲ್ಲಿ ಅಂಕಿ ಹೆಚ್ಚಿದೆ ಎನ್ನುವುದು ಬೇರೆ.

ಪ್ರಶ್ನೆ ಕೇಳಿದವರು: ಇನ್ನೊಂದು. ಡ್ಯೂಟಿ ಮುಗಿಯುವ ಹೊತ್ತಿಗೆ ಒಂದು ಗಂಟೆ ಒಣಗಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿಬಿಡುತ್ತೇನೆ. ಪರವಾಗಿಲ್ಲವೇ?

ಲ್ಯಾಬ್ ಟೆಕ್ನಿಷಿಯನ್: ಬೇಡ. ಒಮ್ಮೆ ಒಂದೇ ಆಸ್ಪತ್ರೆಯ ನಾಲ್ಕು ಕಾರ್ಡ್ ಒಂದೇ ಕವರಿನಲ್ಲಿ ಬಂದವು. ನಾಲ್ಕರಲ್ಲೂ ಹಾಲಿನ ಸಕ್ಕರೆ ಅರಗದ ಕಾಯಿಲೆಯಾದ ಗ್ಯಾಲಕ್ಟೋಸೀಮಿಯಾಗೆ ನೋಡುವ ಕಿಣ್ವ ಕಡಿಮೆ. ಅಷ್ಟು ಅಪರೂಪದ ಕಾಯಿಲೆ ನಾಲ್ಕು ಮಕ್ಕಳಿಗೆ ಒಂದೇ ದಿನ ಬರುತ್ತದೆಯೇ? ಕವರಿನ ಒಳಗೋಡೆಯಲ್ಲಿ ಹಬೆ ಹಿಡಿದಿತ್ತು. ತೇವ, ಬಿಸಿ ಸೇರಿದರೆ ಆ ಕಿಣ್ವ ಸಾಯುತ್ತದೆ, ಜಿ6ಪಿಡಿ ಕಿಣ್ವವೂ ಹಾಗೆಯೇ. ಮತ್ತೆ ತೆಗೆದ ರಕ್ತದಲ್ಲಿ ನಾಲ್ಕೂ ಮಕ್ಕಳು ಸರಿಯಿದ್ದರು. ಕಾರ್ಡನ್ನು ಬಿಸಿಲಿಗಿಡದೆ, ಒಂದರ ಮೇಲೊಂದು ಪೇರಿಸದೆ, ಮಟ್ಟಸವಾಗಿ 3–4 ಗಂಟೆ ಗಾಳಿಗೆ ಬಿಡಿ. ಮುಂದಿನ ಶಿಫ್ಟಿನವರಿಗೆ ಒಪ್ಪಿಸಿ ಹೋಗಿ.

ಹಿರಿಯ ನರ್ಸ್: ಹೇರ್ ಡ್ರೈಯರ್?

ಲ್ಯಾಬ್ ಟೆಕ್ನಿಷಿಯನ್: ಅಯ್ಯೋ ಮೇಡಂ, ಈಗ ತಾನೇ ಬಿಸಿ ಬೇಡ ಅಂದೆನಲ್ಲ!

ಹಿರಿಯ ನರ್ಸ್: ಚುಚ್ಚುವ ಮೊದಲು ಹಿಮ್ಮಡಿಗೆ ಬೆಚ್ಚನೆ ಬಟ್ಟೆ ಸುತ್ತಿದರೆ ರಕ್ತ ಸಲೀಸಾಗಿ ಬರುತ್ತದೆ. ನನ್ನ ಇಷ್ಟು ವರ್ಷದ ಅನುಭವ.

ಲ್ಯಾಬ್ ಟೆಕ್ನಿಷಿಯನ್: ಮೂರ್ನಾಲ್ಕು ನಿಮಿಷ ಸುತ್ತಬಹುದು, 42 ಡಿಗ್ರಿ ದಾಟಬಾರದು. ಅದರಿಂದ ಲಾಭ ಇದೆಯೋ ಇಲ್ಲವೋ ಎಂದು ಓದಿದವರಲ್ಲೇ ಒಮ್ಮತ ಇಲ್ಲ. ಒಳ್ಳೆಯ ಲ್ಯಾನ್ಸೆಟ್ ಇದ್ದರೆ ಬಟ್ಟೆ ಬೇಕಿಲ್ಲ ಎನ್ನುವವನು ನಾನು.

ಹಿರಿಯ ನರ್ಸ್: ಮಗುವಿನ ಕಾಲು ತಣ್ಣಗಿದ್ದಾಗ ನೀವೇ ಬಂದು ಚುಚ್ಚಿ ನೋಡಿ.

ಪ್ರಶ್ನೆ ಕೇಳಿದವರು: ಇಂದು ಒಂದು ತೆಗೆದೆ. ಐದರಲ್ಲಿ ಮೂರು ವೃತ್ತ ಹಿಂದೆಯೂ ಪೂರ್ತಿ ಕೆಂಪು, ಉಳಿದೆರಡು ಖಾಲಿ ಬಿಟ್ಟೆ. ಈಗ ಒಣಗುತ್ತಿದೆ.