ಪ್ರೊಫೈಲಿನಲ್ಲಿ "ಇದಕ್ಕೆ ಒಪ್ಪುವುದಿಲ್ಲ" ಎಂಬುದನ್ನು ಒರಟಾಗದಂತೆ ಬರೆಯುವುದು ಹೇಗೆ?

ರಾಯಚೂರಿನ ಶಿಕ್ಷಕಿ: ವಯಸ್ಸು 31, ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಕೆಲಸ. ವಿವಾಹ ತಾಣದ ಪ್ರೊಫೈಲಿನಲ್ಲಿ ಹೀಗೆ ಬರೆದಿದ್ದೇನೆ: "ಮಕ್ಕಳು ಬೇಕೆನ್ನುವವರು, ಕೆಲಸ ಬಿಡಿಸುವವರು, ಮಡಿ-ವ್ರತ ಎನ್ನುವವರು ಸಂಪರ್ಕಿಸಬೇಡಿ." ಮೂರರಲ್ಲೂ ರಾಜಿ ಸಾಧ್ಯವಿಲ್ಲ. ಅದನ್ನು ಓದಿದ ಅಕ್ಕ, ಇದು ಜಗಳಕ್ಕೆ ಕರೆದ ಹಾಗಿದೆ ಎಂದಳು. ಹೇಳುವ ವಿಷಯ ಬದಲಾಗದೆ ದನಿ ಮಾತ್ರ ಮೆತ್ತಗಾಗಬೇಕು. ಅನುಭವ ಇದ್ದವರು ತಿಳಿಸಿ.

ಗಂಗಾವತಿಯ ಹಿರಿಯರು: ನೋಡಮ್ಮ, ಇವು ಬರೆಯುವ ಮಾತುಗಳಲ್ಲ, ಎದುರು ಕುಳಿತು ಆಡುವ ಮಾತುಗಳು. ಎರಡು ಹೆಣ್ಣುಮಕ್ಕಳ ಮದುವೆ ಮಾಡಿದವನಾಗಿ ಹೇಳುತ್ತೇನೆ, ಪ್ರೊಫೈಲನ್ನು ಮೊದಲು ಓದುವವನು ಹುಡುಗನಲ್ಲ, ಅವನ ತಂದೆಯೋ ಅಕ್ಕನೋ. "ಸಂಪರ್ಕಿಸಬೇಡಿ" ಎಂಬುದು ಕಣ್ಣಿಗೆ ಬಿದ್ದ ಕೂಡಲೇ ಅವರು ಮುಂದಿನದಕ್ಕೆ ಹೋಗಿಬಿಡುತ್ತಾರೆ. ಇನ್ನು ನೌಕರಿಯ ಚಿಂತೆ ನಿಮಗೆ ಬೇಡವೇ ಬೇಡ. ಮದುವೆಯಾದರೆ ಪತಿ-ಪತ್ನಿ ಪ್ರಕರಣದಲ್ಲಿ ಬೇಕಾದ ಊರಿಗೆ ವರ್ಗಾವಣೆ ಸಿಕ್ಕೇ ಸಿಗುತ್ತದೆ. ಅದನ್ನು ಬರೆಯುವ ಅಗತ್ಯವೇ ಇಲ್ಲ.

ಮಾನ್ವಿಯ ಶಿಕ್ಷಕ: ಹಿರಿಯರ ಮೊದಲ ಮಾತು ಸರಿ, ವರ್ಗಾವಣೆಯ ಮಾತು ಸರಿಯಲ್ಲ. ಪತಿ-ಪತ್ನಿ ಪ್ರಕರಣವೆಂದರೆ ಇಬ್ಬರೂ ಸರಕಾರಿ ಅಥವಾ ಸರಕಾರದ ಅನುದಾನವಿರುವ ನೌಕರಿಯಲ್ಲಿರಬೇಕು. ವರ ಬೆಂಗಳೂರಿನ ಖಾಸಗಿ ಕಂಪನಿಯಲ್ಲಿದ್ದರೆ ಆ ದಾರಿ ತೆರೆಯುವುದಿಲ್ಲ. ಪ್ರಾಥಮಿಕ ಶಾಲಾ ಶಿಕ್ಷಕರ ಜ್ಯೇಷ್ಠತೆ ಜಿಲ್ಲಾ ಮಟ್ಟದ್ದು, ಜಿಲ್ಲೆ ಬಿಟ್ಟರೆ ಅದೂ ಕೈತಪ್ಪುತ್ತದೆ. ಸಂವಿಧಾನದ 371ಜೆ ವಿಧಿಯ ಅಡಿಯ ಸ್ಥಳೀಯ ವೃಂದದಲ್ಲಿ ನೇಮಕವಾಗಿದ್ದರೆ ಕಲ್ಯಾಣ ಕರ್ನಾಟಕ ಬಿಟ್ಟು ಹೊರಗೆ ಹೋಗುವುದು ಇನ್ನೂ ಕಷ್ಟ. ನಮ್ಮ ಸಹೋದ್ಯೋಗಿಯೊಬ್ಬರ ಪ್ರೊಫೈಲಿನಲ್ಲಿ "ಸರಕಾರಿ ನೌಕರಿ" ಎಂದಷ್ಟೇ ಇತ್ತು. ನಿಶ್ಚಿತಾರ್ಥದ ಹೊತ್ತಿಗೆ ಬೀಗರು ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಿ ಮುಗಿಸಿದ್ದರು. ಸಂಬಂಧ ಅಲ್ಲಿಗೇ ಮುರಿಯಿತು.

ಬಳ್ಳಾರಿಯಿಂದ, ವಧು-ವರರ ಕೇಂದ್ರದಲ್ಲಿರುವವಳು: ಪ್ರೊಫೈಲು ಬರೆದುಕೊಡುವುದೇ ನನ್ನ ಕೆಲಸವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ, ತಂಗಿ. ನಿಮ್ಮ ವಾಕ್ಯ ಒರಟಾಗಿ ಕೇಳಿಸುವುದಕ್ಕೆ ಕಾರಣ ನಿಮ್ಮ ನಿಲುವಲ್ಲ. ಆ ವಾಕ್ಯದಲ್ಲಿ ನೀವೇ ಇಲ್ಲ! ಬರೀ ಓದುವವನ ತಪ್ಪುಗಳಿವೆ. ಅದೇ ವಿಷಯವನ್ನು "ನಾನು" ಎಂದು ಆರಂಭಿಸಿ, ನಿಮ್ಮ ಬದುಕು ಹೇಗಿದೆ, ಹೇಗಿರುತ್ತದೆ ಎಂದು ಬರೆಯಿರಿ. ಒಪ್ಪದವರು ತಾವಾಗಿಯೇ ಸರಿಯುತ್ತಾರೆ.

ನೌಕರಿಯದು ಸುಲಭ, ಅದಕ್ಕೆ ಕಾರಣ ಕೊಡಬಹುದು. "ನನ್ನ ಹುದ್ದೆ ರಾಯಚೂರು ಜಿಲ್ಲೆಯದು, ಹೊರಗೆ ವರ್ಗಾವಣೆ ಸಿಗುವುದು ಕಷ್ಟ. ನಿವೃತ್ತಿಯವರೆಗೂ ಕೆಲಸದಲ್ಲಿ ಇರುತ್ತೇನೆ. ರಾಯಚೂರಿನಲ್ಲಿ ಅಥವಾ ಓಡಾಡುವಷ್ಟು ಹತ್ತಿರದಲ್ಲಿ ಸಂಸಾರ ಹೂಡಬಲ್ಲವರು ಸಿಕ್ಕರೆ ಸಂತೋಷ." ಇದನ್ನು ಓದಿ ಯಾರಿಗೂ ಕೋಪ ಬರುವುದಿಲ್ಲ.

ಮಕ್ಕಳ ವಿಷಯಕ್ಕೆ ಕಾರಣ ಬರೆಯಬೇಡಿ. ಬರೆದರೆ ಓದಿದವರು ಆ ಕಾರಣಕ್ಕೆ ಪರಿಹಾರ ಹುಡುಕಲು ಕೂರುತ್ತಾರೆ. ದುಡಿಮೆಯೇ ಕಾರಣ ಎಂದರೆ "ನಮ್ಮ ತಾಯಿ ನೋಡಿಕೊಳ್ಳುತ್ತಾರೆ" ಎಂಬ ಉತ್ತರ ಬರುತ್ತದೆ. ಹಾಗೆಂದು ಬರೀ "ಮಕ್ಕಳು ಬೇಡ" ಎಂದು ಬಿಟ್ಟರೆ ನಮ್ಮ ಕಡೆಯ ಮನೆಗಳಲ್ಲಿ ಅದನ್ನು ಎರಡು ರೀತಿ ಓದುತ್ತಾರೆ. ಒಂದು, ಆರೋಗ್ಯದ ತೊಂದರೆ ಏನೋ ಇದೆ. ಇನ್ನೊಂದು, ಈಗ ಹೀಗೆನ್ನುತ್ತಾಳೆ, ಎರಡು ವರ್ಷ ಕಳೆದರೆ ಸರಿಹೋಗುತ್ತದೆ. ಎರಡನೆಯದೇ ಹೆಚ್ಚು ಅಪಾಯ, ಏಕೆಂದರೆ ಅಂಥವರು ಒಪ್ಪಿಕೊಂಡೇ ಬರುತ್ತಾರೆ. ಆದ್ದರಿಂದ ತೀರ್ಮಾನ ಹಳೆಯದು ಎಂಬುದು ಕಾಣಬೇಕು: "ಮಕ್ಕಳನ್ನು ಪಡೆಯದೆ ಬಾಳುವುದು ನಾನು ಬಹಳ ಯೋಚಿಸಿ ಮಾಡಿದ ತೀರ್ಮಾನ. ಮದುವೆಯ ನಂತರವೂ ಅದು ಬದಲಾಗುವುದಿಲ್ಲ. ನಿಮಗೂ ಹಾಗೇ ಅನಿಸಿದ್ದರೆ ಮಾತಾಡೋಣ." ಎರಡನೆಯ ವಾಕ್ಯವನ್ನು ಮಾತ್ರ ಯಾರು ಹೇಳಿದರೂ ತೆಗೆಯಬೇಡಿ.

ಎಲ್ಲಿ ಬರೆಯಬೇಕು ಎಂಬುದೂ ಮುಖ್ಯ. ಮೊಬೈಲಿನಲ್ಲಿ ತೆರೆದ ಕೂಡಲೇ ಕಾಣುವುದು ಸ್ವಪರಿಚಯದ ಮೊದಲ ಎರಡು-ಮೂರು ಸಾಲುಗಳು. ಅಲ್ಲಿ ನೀವು ಯಾರು, ಏನು ಇಷ್ಟ ಎಂಬುದಿರಲಿ. ಈ ಮಾತುಗಳು ಅದರ ನಂತರ ಬರಲಿ, ಆದರೆ ಕೊನೆಯ ಸಾಲಾಗಿ ಅಡಗಿಕೊಳ್ಳುವುದು ಬೇಡ. "ಸಂಗಾತಿಯ ನಿರೀಕ್ಷೆ" ಎಂಬಲ್ಲಿ ಧರ್ಮ, ಊರು, ಆಹಾರ ಎಂದು ಗುರುತು ಹಾಕುವ ಚೌಕಗಳೇ ಹೆಚ್ಚು. ಮುಂದೆ ಮಕ್ಕಳು ಬೇಕೇ ಬೇಡವೇ ಎಂಬುದಕ್ಕೆ ಅನೇಕ ಕಡೆ ಚೌಕವೇ ಇರುವುದಿಲ್ಲ. ಹಾಗಾಗಿ ಅದನ್ನು ನಿಮ್ಮ ಮಾತಿನಲ್ಲೇ ಬರೆಯಬೇಕಾಗುತ್ತದೆ.

ಬಳ್ಳಾರಿಯ ತಂದೆ: ನನ್ನದೂ ಇದೇ ಪ್ರಶ್ನೆ. ವಿಚ್ಛೇದನವಾಗಿದೆ, ಆರು ವರ್ಷದ ಮಗಳು ನನ್ನೊಂದಿಗೇ ಇದ್ದಾಳೆ. "ಮಕ್ಕಳಿದ್ದಾರೆ, ಜೊತೆಗಿದ್ದಾರೆ" ಎಂದು ಗುರುತು ಹಾಕಿದ್ದರೂ, ಫೋನಿನಲ್ಲಿ "ಮಗುವನ್ನು ಅಜ್ಜಿಯ ಮನೆಯಲ್ಲಿ ಬಿಡಬಹುದಲ್ಲವೇ" ಎಂದು ಕೇಳುತ್ತಾರೆ. ಮಗಳನ್ನು ಬಿಡುವ ಮಾತಿಲ್ಲ ಎಂದು ಒರಟಾಗದೆ ಬರೆಯುವುದು ಹೇಗೆ?

ಬಳ್ಳಾರಿ ಕೇಂದ್ರದವಳು: ಶಿಕ್ಷಕಿ ಕೇಳಿದ್ದು ಬೇರೆ ವಿಷಯ ಸರ್, ಆದರೂ ಹೇಳುತ್ತೇನೆ. ಚೌಕದ ಗುರುತು ಸಾಲದು. "ಮಗಳು ನನ್ನೊಂದಿಗೇ ಬೆಳೆಯುತ್ತಾಳೆ, ನಮ್ಮ ಮನೆ ಮೂವರ ಮನೆಯಾಗಿರುತ್ತದೆ" ಎಂದು ಬರೆಯಿರಿ. ಶಿಕ್ಷಕಿ ತಂಗಿಗೆ ಇವರ ಮಾತಿನಿಂದ ಒಂದು ಪ್ರಶ್ನೆ. ನಿಮಗೆ ಬೇಡವಾಗಿರುವುದು ಹೆರುವುದೋ, ಮನೆಯಲ್ಲಿ ಮಗುವೇ ಇರುವುದೋ? ನಿಮ್ಮ ಸಾಲು ಎರಡನ್ನೂ ಮುಚ್ಚುತ್ತದೆ.

ರಾಯಚೂರಿನ ಶಿಕ್ಷಕಿ: ಹೆರುವುದು ಬೇಡ ಎಂಬುದರಲ್ಲಿ ಸಂಶಯವಿಲ್ಲ. ಮಗು ಇರುವವರ ಬಗ್ಗೆ ಮಾತ್ರ ಯೋಚಿಸಬೇಕು.

ಕೊಪ್ಪಳದಿಂದ: ಧರ್ಮದ ವಿಷಯಕ್ಕೆ ನನ್ನ ಅನುಭವ. "ದೇವರಲ್ಲಿ ನಂಬಿಕೆ ಇಲ್ಲ" ಎಂದು ಬರೆದಿದ್ದಾಗ ವಾದಕ್ಕೆ ಬಂದವರೇ ಹೆಚ್ಚು, ಸಂಬಂಧಕ್ಕೆ ಬಂದವರು ಕಡಿಮೆ. ನಂಬಿಕೆಯ ಮಾತು ಬಿಟ್ಟು, ಮನೆಯಲ್ಲಿ ನಾನು ಏನು ಮಾಡುತ್ತೇನೆ, ಏನು ಮಾಡುವುದಿಲ್ಲ ಎಂದು ಬರೆದೆ: "ಗವಿಮಠದ ಜಾತ್ರೆಗೆ ಮನೆಯವರೊಂದಿಗೆ ಹೋಗುತ್ತೇನೆ, ಹಬ್ಬದಲ್ಲಿ ಎಲ್ಲರೊಡನೆ ಕುಳಿತು ಉಣ್ಣುತ್ತೇನೆ. ನಾನಾಗಿ ಪೂಜೆ, ಉಪವಾಸ ಮಾಡುವುದಿಲ್ಲ. ನೀವು ಮಾಡಿದರೆ ಅಡ್ಡಿಯಿಲ್ಲ." ಓದಿದ ತಾಯಂದಿರಿಗೆ ಮನೆ ಹೇಗಿರುತ್ತದೆ ಎಂಬುದು ಕಣ್ಣಿಗೆ ಕಟ್ಟಿತು. ಈಗಿನ ನನ್ನ ಹೆಂಡತಿ ಪ್ರತಿ ಸೋಮವಾರ ಉಪವಾಸ ಇರುತ್ತಾಳೆ, ಅಂದು ಅಡುಗೆ ನನ್ನದು.

ಗಂಡಿಗೆ ಇದು ಸುಲಭ ಎಂಬುದನ್ನೂ ಹೇಳಬೇಕು. ಸೊಸೆಯಾಗುವವಳಿಗೆ ಗೌರಿ, ವರಮಹಾಲಕ್ಷ್ಮಿ ಎಂದು ಹೆಸರು ಹಿಡಿದೇ ಕೇಳುತ್ತಾರೆ. ಆದ್ದರಿಂದ ನೀವು "ವ್ರತ ಹಿಡಿಯುವುದಿಲ್ಲ" ಎಂದು ಬಿಡಿಸಿಯೇ ಬರೆಯಿರಿ.

ರಾಯಚೂರಿನ ಶಿಕ್ಷಕಿ: ಎಲ್ಲ ಓದಿ ಹೀಗೆ ತಿದ್ದಿದ್ದೇನೆ: "ಮೂರನೆಯ ತರಗತಿಯ ಮಕ್ಕಳಿಗೆ ಪಾಠ ಹೇಳುತ್ತೇನೆ, ಸಂಜೆ ಹೊತ್ತು ಓದು, ತೋಟ. ನನ್ನ ಹುದ್ದೆ ರಾಯಚೂರು ಜಿಲ್ಲೆಯದು, ನಿವೃತ್ತಿಯವರೆಗೂ ಕೆಲಸದಲ್ಲಿ ಇರುತ್ತೇನೆ. ಹಬ್ಬದ ಅಡುಗೆ, ನೆಂಟರಿಷ್ಟರು ನನಗೆ ಇಷ್ಟ. ಮಡಿ, ವ್ರತ ಹಿಡಿಯುವುದಿಲ್ಲ. ಮಕ್ಕಳನ್ನು ಪಡೆಯದೆ ಬಾಳುವುದು ಬಹಳ ಯೋಚಿಸಿ ಮಾಡಿದ ತೀರ್ಮಾನ, ಮದುವೆಯ ನಂತರವೂ ಅದು ಬದಲಾಗುವುದಿಲ್ಲ. ಹೀಗೆ ಬದುಕಲು ಇಷ್ಟಪಡುವವರು ಬರೆಯಿರಿ." ತಾಣದಲ್ಲಿ ಹಾಕಲು ಮನೆಯವರು ಒಪ್ಪಿದರು. ಆದರೆ ಅಪ್ಪ ವಾಟ್ಸ್ಆ್ಯಪ್‌ನಲ್ಲಿ ನೆಂಟರಿಗೆ ಕಳಿಸುವ ಬಯೋಡೇಟಾದಲ್ಲಿ ಮಕ್ಕಳ ಸಾಲು ಬೇಡ ಎನ್ನುತ್ತಾರೆ.

ಗಂಗಾವತಿಯ ಹಿರಿಯರು: ನಿಮ್ಮ ತಂದೆಯ ಮಾತು ಸರಿ. ಆ ಹಾಳೆ ಊರೆಲ್ಲ ತಿರುಗುತ್ತದೆ, ಓದುವವರಲ್ಲಿ ವರನ ಮನೆಯವರು ಒಂದಿಬ್ಬರು ಮಾತ್ರ.

ಬಳ್ಳಾರಿ ಕೇಂದ್ರದವಳು: ಹಾಳೆಯಲ್ಲಿ ಇಲ್ಲದಿದ್ದರೆ ವರನ ಮನೆಯವರು ಅದನ್ನು ಕೇಳುವುದು ಎರಡೂ ಮನೆಯವರು ಭೇಟಿಯಾದ ಮೇಲೆ. ಆಗ "ಮುಚ್ಚಿಟ್ಟರು" ಎಂಬ ಮಾತು ಬರುತ್ತದೆ. ಸಾಲು ತೆಗೆಯುವುದೇ ಆದರೆ, ಹುಡುಗಿ ನೋಡುವ ದಿನ ಗೊತ್ತುಮಾಡುವ ಮೊದಲು ಹುಡುಗನೊಂದಿಗೆ ನಿಮ್ಮದೇ ಫೋನು ಆಗಬೇಕು ಎಂದು ಅಪ್ಪನಿಂದ ಒಪ್ಪಿಗೆ ಪಡೆಯಿರಿ.

ಮಾನ್ವಿಯ ಶಿಕ್ಷಕ: ಆ ಫೋನಿಗೆ ಮುಂಚೆಯೇ ನೆಂಟರು ಮಾತು ಕೊಟ್ಟುಬಿಟ್ಟರೆ? ನಮ್ಮ ಮನೆಗಳಲ್ಲಿ ಹಾಗಾಗುವುದೇ ಹೆಚ್ಚು. ನಾನಾಗಿದ್ದರೆ ಸಾಲು ಉಳಿಸಿಕೊಳ್ಳುತ್ತಿದ್ದೆ.

ರಾಯಚೂರಿನ ಶಿಕ್ಷಕಿ: ಅಪ್ಪನೊಂದಿಗೆ ಇನ್ನೊಮ್ಮೆ ಮಾತಾಡುತ್ತೇನೆ. ಅಲ್ಲಿಯವರೆಗೆ ಬಯೋಡೇಟಾ ಯಾರಿಗೂ ಕಳಿಸಬೇಡಿ ಎಂದು ಅಕ್ಕನಿಗೂ ಹೇಳಿದ್ದೇನೆ.