ಫೋಟೋದಲ್ಲಿ ಎಲ್ಲರನ್ನೂ ಬೆಳ್ಳಗೆ ಮಾಡೋ ಚಿಕ್ಕಮ್ಮನಿಗೆ ಏನಂತ ಬರೆಯಲಿ?

ಪ್ರಶ್ನೆ: ಮನೆ ಗ್ರೂಪಿಗೆ ಹಾಕೋ ಪ್ರತಿ ಫೋಟೋದಲ್ಲೂ ಚಿಕ್ಕಮ್ಮ ನಮ್ಮನ್ನೆಲ್ಲ ಬೆಳ್ಳಗೆ ಮಾಡಿರ್ತಾರೆ. ಏಳು ವರ್ಷದ ಮಗಳು ‘ಇದು ನಾನಲ್ಲ’ ಅಂದಳು. ಅವರಿಗೆ ಬೇಜಾರಾಗದ ಹಾಗೆ ಹೇಗೆ ಹೇಳಲಿ?

ಮಂಡ್ಯದ ಸೊಸೆ: ನಾನು ಗ್ರೂಪಲ್ಲೇ ಬರೆದೆ, ‘ಅತ್ತೆ, ನಮಗೆ ಸುಣ್ಣ ಬಳಿಯೋದು ನಿಲ್ಲಿಸಿ’ ಅಂತ. ಯಜಮಾನರ ಸೋದರತ್ತೆ ಅವರು. 32 ಜನ ಓದಿದರು, ಒಬ್ಬರೂ ಬಾಯಿ ಬಿಡಲಿಲ್ಲ. ಅತ್ತೆ ಅವತ್ತೇ ರಾತ್ರಿ ಗ್ರೂಪ್ ಬಿಟ್ಟರು. ಗೃಹಪ್ರವೇಶಕ್ಕೆ ಬರಲಿಲ್ಲ, ಗೌರಿ ಹಬ್ಬದ ಬಾಗಿನ ವಾಪಸ್ ಬಂತು. ಹನ್ನೊಂದು ತಿಂಗಳಾಯಿತು. ಆದರೂ ಬರೆದದ್ದು ಸರಿ. ನನ್ನನ್ನು ನೋಡಲು ಬಂದಾಗ ‘ಹುಡುಗಿ ಬಣ್ಣ ಕಮ್ಮಿ’ ಅಂದವರೂ ಅವರೇ.

ಸ್ಟುಡಿಯೋದವನು, ಹಾಸನ: ಎಲ್ಲರೂ ಬಣ್ಣದ ಹುಚ್ಚಿಗೇ ಮಾಡಲ್ಲ ತಾಯಿ. ಛತ್ರದಲ್ಲಿ ಹಿಂದೆ ಬಿಳಿ ಗೋಡೆ ಇದ್ದರೆ ಕ್ಯಾಮೆರಾ ಬೆಳಕು ಕಮ್ಮಿ ಮಾಡಿಕೊಳ್ಳುತ್ತೆ, ಮುಖ ಕಪ್ಪಾಗುತ್ತೆ. ಆಗ ಇಡೀ ಫೋಟೋದ ಬೆಳಕು ಏರಿಸಬೇಕು, ಚರ್ಮದ ಬಣ್ಣ ಮುಟ್ಟಬಾರದು. ನಾನೂ ಪೆಟ್ಟು ತಿಂದವನೇ. 2019ರಲ್ಲಿ ಹೆಣ್ಣಿನ ಕಡೆಯವರು ಬೆಳ್ಳಗೆ ಮಾಡಿ ಅಂತ ಹಟ ಮಾಡಿದ್ದಕ್ಕೆ ಎಡಿಟ್ ಮಾಡೋವಾಗ ಫೋಟೋದಲ್ಲಿರೋ ಕಿತ್ತಳೆ ಬಣ್ಣದ ಹೊಳಪು ಏರಿಸಿದೆ. ನಮ್ಮ ಚರ್ಮ ಆ ಬಣ್ಣದಲ್ಲೇ ಬರೋದು, ಜರಿಯೂ ಅರಿಶಿನವೂ ಬಹುಪಾಲು ಅಲ್ಲೇ. ಅರಿಶಿನ ಶಾಸ್ತ್ರದ ಪುಟದಲ್ಲಿ ಮದುವೆ ಹುಡುಗಿ ಬೂದಿ ಬಳಿದುಕೊಂಡ ಹಾಗೆ ಬಂದಳು. 40 ಪುಟದ ಆಲ್ಬಂ ಮತ್ತೆ ಪ್ರಿಂಟ್ ಹಾಕಿಸಿದೆ, ₹14,600 ನನ್ನ ಕೈಯಿಂದಲೇ.

ತುಮಕೂರಿನವ: ಇಷ್ಟೊಂದು ಯಾಕೆ? ನೀವೇ ಎಡಿಟ್‌ಗೆ ಹೋಗಿ ರಿವರ್ಟ್ ಒತ್ತಿ, ಫಿಲ್ಟರ್ ಹೋಗುತ್ತೆ. ನಾನು ಹಾಗೇ ಮಾಡೋದು.

ಸ್ಟುಡಿಯೋದವನು, ಹಾಸನ: ತಿದ್ದಿದ ಫೋನಿನಲ್ಲೇ ಇದ್ದರೆ ಸರಿ. ವಾಟ್ಸಾಪಲ್ಲಿ ಬಂದದ್ದಕ್ಕೆ ಹಿಂದಿನದು ಇರಲ್ಲ. ಇನ್ನೊಂದು, ಕ್ಯಾಮೆರಾದಲ್ಲೇ ಬ್ಯೂಟಿ ಮೋಡ್ ಆನ್ ಇದ್ದರೆ ಮೂಲ ಫೋಟೋನೇ ಉಳಿಯಲ್ಲ. ಚಿಕ್ಕಮ್ಮ ಗೊತ್ತಿದ್ದು ಮಾಡ್ತಿದಾರಾ ಅಂತ ಮೊದಲು ಅವರ ಫೋನ್ ನೋಡಿ.

ಮಂಡ್ಯದ ಸೊಸೆ: ತಪ್ಪನ್ನ ಫೋನಿನ ಮೇಲೆ ಹಾಕಬೇಡಿ. ಇದನ್ನ ಕಲಿಸಿದ್ದೇ ನಿಮ್ಮಂಥ ಸ್ಟುಡಿಯೋಗಳು. ನನ್ನ ಮದುವೆ ಆಲ್ಬಂನಲ್ಲಿ ಮುಖ ಒಂದು ಬಣ್ಣ, ಕಿವಿ ಒಂದು ಬಣ್ಣ.

ಸ್ಟುಡಿಯೋದವನು, ಹಾಸನ: ಬೆಳ್ಳಗೆ ಮಾಡಿ ಅಂತ ಅಡ್ವಾನ್ಸ್ ಕೊಡೋವಾಗಲೇ ಹೇಳೋದು ಮನೆಯವರು. ಬೇಡ ಅಂದವರು 22 ವರ್ಷದಲ್ಲಿ ನಾಲ್ಕು ಜನ ಸಿಕ್ಕಿರಬಹುದು.

ಧಾರವಾಡದಾಕಿ: ಜಗಳ ಬಿಡ್ರಿ. ನಾ ನಮ್ಮ ಕಾಕೂಗ ಗ್ರೂಪಿನ್ಯಾಗ ಬರಿಲಿಲ್ಲ, ಒಬ್ಬಾಕಿಗೇ ಕಳಿಸಿದೆ: ‘ಕಾಕು, ನೀವು ಫೋಟೋ ತಗೀತೀರಿ ಅಂತನ ನಮ್ಮ ಮನಿ ನೆನಪು ಉಳದಾವ. ಒಂದು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮ ಮಾರಿ ಬಣ್ಣ ಬದಲ ಮಾಡಬ್ಯಾಡ್ರಿ. ನನ್ನ ಮಗಳಿಗೆ ಅಜ್ಜಿ ಬಣ್ಣ ಬಂದದ. ಫೋಟೋದಾಗ ಅದು ಕಾಣಲಿಲ್ಲ ಅಂತ ಅತ್ತಳು. ಮದವಿ ಫೋಟೋ ಮೊದಲ ಹೆಂಗಿದ್ವು ಹಂಗ, ಡಾಕ್ಯುಮೆಂಟ್ ಮಾಡಿ ಕಳಸ್ರಿ.’ ಎರಡು ದಿನ ಉತ್ತರ ಇಲ್ಲ. ಮೂರನೇ ದಿನ 26 ಫೋಟೋ ಬಂದ್ವು, ಒಂದಕ್ಷರ ಮಾತಿಲ್ಲ. ಈಗ ತನ್ನ ಮಾರಿ ಅಷ್ಟ ಬೆಳ್ಳಗ ಮಾಡ್ಕೋತಾಳ. ಅದಕ್ಕ ನಾ ಏನೂ ಅನ್ನಂಗಿಲ್ಲ.

ಮಂಡ್ಯದ ಸೊಸೆ: ಅನ್ನಬೇಕಿತ್ತು. ನಿಮ್ಮ ಮಗಳು ಅದನ್ನೂ ನೋಡ್ತಾಳಲ್ಲ.

ಧಾರವಾಡದಾಕಿ: ಆಕಿಗೆ ಅರವತ್ತಮೂರು. ಹುಟ್ಟಿದಾಗಿಂದ ‘ಕರಿ’ ಅನಿಸ್ಕೊಂಡಾಕಿ. ಇದನ್ನ ನಾ ಕೇಳಂಗಿಲ್ಲ.