ದೊಡ್ಡ ಕಂಪನಿಯೋ, ಸ್ಟಾರ್ಟಪ್ಪೋ: ನಿಮ್ಮ ಕೋಡ್ ಓದೋರು ಯಾರು?

ಕಳೆದ ಬಾರಿ ಬಂದ ಪತ್ರ: "ಈಗಷ್ಟೇ ಓದು ಮುಗಿಸಿದ್ದೇನೆ. ಬ್ಯಾಕೆಂಡ್ ಡೆವಲಪರ್ ಕೆಲಸಕ್ಕೆ ಎರಡು ಆಫರ್ ಬಂದಿವೆ. ಒಂದು ಸಾವಿರಾರು ಜನರಿರುವ ಹಳೇ ಕಂಪನಿ, ಇನ್ನೊಂದು ಹನ್ನೆರಡು ಜನರ ಸ್ಟಾರ್ಟಪ್. ಸಂಬಳದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಮೊದಲ ಎರಡು ಮೂರು ವರ್ಷ ಕಲಿಯುವುದೇ ಮುಖ್ಯ ಅಂದುಕೊಂಡಿದ್ದೇನೆ. ಎಲ್ಲಿ ಜಾಸ್ತಿ ಕಲಿಯಬಹುದು?" ಓದುಗರು ಬರೆದದ್ದು ಇಲ್ಲಿದೆ.

ಡೇಟಾಬೇಸ್ ಕೆಲಸದಲ್ಲಿರುವ ಓದುಗರು

ಸ್ಟಾರ್ಟಪ್ಪಲ್ಲಿ ಎಲ್ಲಾ ಕೆಲಸ ಕಲೀತೀರಿ, ದೊಡ್ಡ ಕಂಪನಿಯಲ್ಲಿ ಶಿಸ್ತು ಕಲೀತೀರಿ ಅಂತ ನಿಮಗೆ ಹತ್ತು ಜನ ಹೇಳಿರುತ್ತಾರೆ. ಸುಳ್ಳೇನಲ್ಲ. ಆದರೆ ಅದನ್ನು ನಂಬಿಕೊಂಡು ಯಾವ ಆಫರ್‌ಗೂ ಸಹಿ ಹಾಕೋಕಾಗಲ್ಲ. ಒಂದೇ ಕೆಲಸ ಎರಡೂ ಕಡೆ ಹೇಗೆ ನಡೆಯುತ್ತೆ ಅಂತ ಹೇಳ್ತೀನಿ, ಆಮೇಲೆ ನೀವೇ ನೋಡಿ.

ಗ್ರಾಹಕರ ಹಳೇ ಆರ್ಡರ್‌ಗಳನ್ನು ತೋರಿಸುವ ಪುಟ ನಿಧಾನವಾಗಿದೆ ಅಂತಿಟ್ಟುಕೊಳ್ಳಿ. ಡೇಟಾಬೇಸ್ ಪೋಸ್ಟ್‌ಗ್ರೆಸ್. ಸ್ಟಾರ್ಟಪ್ಪಲ್ಲಾದರೆ ದೂರು ನೇರ ನಿಮಗೇ ಬರುತ್ತೆ. ನೀವು ಆ ಕ್ವೆರಿಗೆ `EXPLAIN` ಹಾಕಿ ನೋಡ್ತೀರಿ, `Seq Scan` ಅಂತ ಕಾಣುತ್ತೆ, ಅಂದರೆ ಒಬ್ಬ ಗ್ರಾಹಕನ ನಾಲ್ಕು ಸಾಲು ಹುಡುಕೋಕೆ ಅದು ಟೇಬಲ್ ಪೂರ್ತಿ ಓದ್ತಾ ಇದೆ. ಸರಿ, ಇಂಡೆಕ್ಸ್ ಹಾಕ್ತೀರಿ:

```
CREATE INDEX orders_cust_idx ON orders (customer_id);
```

ಟೇಬಲ್ ಚಿಕ್ಕದಿದ್ದರೆ ಕಣ್ಣು ಮಿಟುಕಿಸೋದರಲ್ಲಿ ಮುಗಿಯುತ್ತೆ. ಪುಟ ಓಡುತ್ತೆ. ದೂರು, ಕಾರಣ, ಪರಿಹಾರ, ಫಲಿತಾಂಶ, ಎಲ್ಲಾ ಒಂದೇ ಮಧ್ಯಾಹ್ನದಲ್ಲಿ ನಿಮ್ಮ ಕಣ್ಣೆದುರಿಗೇ ಆಗಿಹೋಯಿತು. ಇದು ಸ್ಟಾರ್ಟಪ್ಪಿನ ನಿಜವಾದ ಲಾಭ.

ಒಂದೂವರೆ ವರ್ಷ ಆಯಿತು ಅಂತಿಟ್ಟುಕೊಳ್ಳಿ, ಟೇಬಲ್‌ನಲ್ಲಿ ಈಗ ಕೋಟಿಗಟ್ಟಲೆ ಸಾಲು. ಹಳೇ ನೆನಪಲ್ಲೇ ಇನ್ನೊಂದು ಕಾಲಂಗೆ ಇಂಥದ್ದೇ ಇಂಡೆಕ್ಸ್ ಹಾಕ್ತೀರಿ. ಬರೀ `CREATE INDEX` ಅಂದರೆ ಅದು ಮುಗಿಯೋ ತನಕ ಆ ಟೇಬಲ್‌ಗೆ ಬರೆಯೋದಕ್ಕೆ ತಡೆ, ಓದೋಕೆ ಮಾತ್ರ ಬಿಡುತ್ತೆ. ಹೊಸ ಆರ್ಡರ್‌ಗಳೆಲ್ಲಾ ಸಾಲಾಗಿ ನಿಲ್ಲುತ್ತವೆ. ನಿಂತಿರೋ ಒಂದೊಂದೂ ಒಂದೊಂದು ಕನೆಕ್ಷನ್ ಹಿಡಿದುಕೊಂಡಿರೋದರಿಂದ ಸ್ವಲ್ಪ ಹೊತ್ತಿಗೆ ಕನೆಕ್ಷನ್ ಪೂಲ್ ಖಾಲಿ, ಆಗ ಈ ಟೇಬಲ್‌ಗೆ ಸಂಬಂಧವೇ ಇಲ್ಲದ ಪುಟಗಳೂ ತೆರೆಯೋದಿಲ್ಲ. ನೋಡಿದರೆ ಸರ್ವರ್‌ನ ಸಿಪಿಯು ಮೇಲೆ ಅಂಥಾ ಹೊರೆಯೇ ಇಲ್ಲ, ಆದರೂ ಎಲ್ಲಾ ಸ್ತಬ್ಧ. ಇಲ್ಲಿ `pg_stat_activity` ತೆಗೆದು ನೋಡಿದರೆ ಎಷ್ಟೋ ಕ್ವೆರಿಗಳ ಎದುರು `Lock` ಅಂತ ಕಾಯ್ತಾ ಇರೋದು ಕಾಣುತ್ತೆ.

ಈಗ ಮುಖ್ಯ ವಿಷಯ. ಆ ಹನ್ನೆರಡು ಜನರಲ್ಲಿ ಇದನ್ನು ಮೊದಲೇ ನೋಡಿದವರು ಒಬ್ಬರಿದ್ದರೆ, `CREATE INDEX CONCURRENTLY` ಅಂತ ಬರೆದರೆ ಬರೆಯೋದು ನಿಲ್ಲಲ್ಲ ಅಂತ ಹೇಳಿಕೊಡ್ತಾರೆ. ಅದನ್ನು ಟ್ರಾನ್ಸಾಕ್ಷನ್ ಒಳಗೆ ಓಡಿಸೋಕಾಗಲ್ಲ, ಮಧ್ಯದಲ್ಲಿ ಫೇಲ್ ಆದರೆ ಕೆಲಸಕ್ಕೆ ಬಾರದ ಅರ್ಧ ಇಂಡೆಕ್ಸ್ ಉಳಿಯುತ್ತೆ, ಅದನ್ನು ಕಿತ್ತು ಮತ್ತೆ ಹಾಕಬೇಕು ಅಂತಲೂ ಹೇಳ್ತಾರೆ. ಅಂಥವರು ಇಲ್ಲದಿದ್ದರೆ? ಎಲ್ಲರೂ ಸೇರಿ "ಡೇಟಾಬೇಸ್ ಸಾಲ್ತಾ ಇಲ್ಲ, ದೊಡ್ಡ ಮಷೀನ್ ತಗೊಳ್ಳೋಣ" ಅಂತ ತೀರ್ಮಾನ ಮಾಡ್ತಾರೆ. ನೀವು ಒಂದು ತಪ್ಪು ಪಾಠ ಕಲಿತಿರಿ, ಅದೂ ತುಂಬಾ ಆತ್ಮವಿಶ್ವಾಸದಿಂದ.

ದೊಡ್ಡ ಕಂಪನಿಯಲ್ಲಿ ಈ ಅವಘಡ ಆಗೋದೇ ಕಮ್ಮಿ. ಯಾಕಂದ್ರೆ `CONCURRENTLY` ಅನ್ನೋ ಪದ ಇಲ್ಲದ ಬದಲಾವಣೆಯನ್ನು ಅಲ್ಲಿನ ಟೂಲೇ ವಾಪಸ್ ಕಳಿಸಿಬಿಡಬಹುದು. ನೀವು ಆ ಪದ ಸೇರಿಸ್ತೀರಿ, ಹಸಿರು ಗುರುತು ಬರುತ್ತೆ, ಮುಂದಿನ ಕೆಲಸಕ್ಕೆ ಹೋಗ್ತೀರಿ. ಯಾಕೆ ಅಂತ ಯಾರೂ ಹೇಳಲಿಲ್ಲ, ನೀವೂ ಕೇಳಲಿಲ್ಲ. ಎರಡು ವರ್ಷ ಆದಮೇಲೂ ಲಾಕ್ ಅಂದ್ರೇನು ಅಂತ ಗೊತ್ತಿರಲ್ಲ, ಆದರೆ ನಿಮ್ಮ ಕೋಡ್ ಮಾತ್ರ ಸರಿಯಾಗೇ ಇರುತ್ತೆ. ನನ್ನ ಪ್ರಕಾರ ಇದು ಇನ್ನೂ ಅಪಾಯ, ತಪ್ಪು ಕಾಣಿಸೋದೇ ಇಲ್ಲವಲ್ಲ.

ಹಾಗಾಗಿ ಕಂಪನಿ ಎಷ್ಟು ದೊಡ್ಡದು ಅನ್ನೋದನ್ನು ಬಿಡಿ. ನೀವು ಬರೆದಿದ್ದನ್ನು ಓದಿ "ಇದು ಯಾಕೆ ಬೇಡ" ಅಂತ ಹೇಳುವ ವ್ಯಕ್ತಿ ಯಾರು, ಅದನ್ನು ಮೊದಲು ಪತ್ತೆ ಮಾಡಿ.

ಹೊಸಬರನ್ನು ಸೇರಿಸಿಕೊಳ್ಳುವ ಒಬ್ಬ ಟೀಮ್ ಲೀಡ್

ಮೇಲಿನವರು ಹೇಳಿದ ವ್ಯಕ್ತಿಯನ್ನು ಪತ್ತೆ ಮಾಡೋದು ಹೇಗೆ ಅಂತ ನಾನು ಹೇಳ್ತೀನಿ. ಆಫರ್ ಕೈಗೆ ಬಂದಮೇಲೆ, ಒಪ್ಪಿಕೊಳ್ಳುವ ಮೊದಲು, "ನಾನು ಯಾರ ಜೊತೆ ಕೆಲಸ ಮಾಡ್ತೀನೋ ಅವರ ಹತ್ರ ಅರ್ಧ ಗಂಟೆ ಮಾತಾಡಬಹುದಾ" ಅಂತ ಕೇಳಿ. ಇದು ತೀರಾ ಮಾಮೂಲಿ ಕೋರಿಕೆ, ಯಾರೂ ಬೇಜಾರು ಮಾಡಿಕೊಳ್ಳಲ್ಲ. ಬೇಜಾರು ಮಾಡಿಕೊಂಡರೆ ಅದೇ ಉತ್ತರ ಅಂದ್ಕೊಳ್ಳಿ.

ದೊಡ್ಡ ಕಂಪನಿಯಲ್ಲಿ ಮೊದಲ ತೊಡಕು ಇಲ್ಲೇ ಬರುತ್ತೆ. "ಯಾವ ಟೀಮ್ ಅಂತ ಸೇರಿದ ಮೇಲೆ ಗೊತ್ತಾಗುತ್ತೆ" ಅಂತಾರೆ. ಹಾಗಂದ್ರೆ ನಿಮ್ಮ ಕೈಲಿರೋದು ಕಂಪನಿಯ ಹೆಸರು ಮಾತ್ರ, ಕೆಲಸ ಯಾವುದು ಅಂತ ಇನ್ನೂ ಗೊತ್ತಿಲ್ಲ. ಅದೇ ಕಟ್ಟಡದಲ್ಲಿ ಒಂದು ಟೀಮ್ ಪಾವತಿ ವ್ಯವಸ್ಥೆ ಕಟ್ಟುತ್ತಿರುತ್ತೆ, ಇನ್ನೊಂದು ಟೀಮ್ ಹಳೇ ವರದಿಗಳ ಕಾಲಂ ಹೆಸರು ಬದಲಾಯಿಸ್ತಾ ವರ್ಷ ಕಳೀತಿರುತ್ತೆ. ಟೀಮ್ ಹೇಳದಿದ್ದರೂ, ಹೋದ ವರ್ಷ ಸೇರಿದ ಹೊಸಬರು ಯಾವ ಯಾವ ಟೀಮಿಗೆ ಹೋದರು, ಒಳಗೇ ಟೀಮ್ ಬದಲಾಯಿಸೋಕೆ ಎಷ್ಟು ಕಾಲ ಕಾಯಬೇಕು ಅಂತ ಕೇಳಬಹುದು.

ಮಾತಿಗೆ ಸಿಕ್ಕವರ ಹತ್ರ ನಾನಾಗಿದ್ದರೆ ಎರಡೇ ಪ್ರಶ್ನೆ ಕೇಳ್ತಿದ್ದೆ. ಒಂದು, "ನಿಮ್ಮಲ್ಲಿ ಕೊನೆಗೆ ಸೇರಿದ ಹೊಸಬರು ಬಳಕೆದಾರರಿಗೆ ತಲುಪುವಂಥ ಮೊದಲ ಬದಲಾವಣೆ ಏನು ಮಾಡಿದರು, ಸೇರಿ ಎಷ್ಟು ದಿನಕ್ಕೆ?" ಮೊದಲ ಒಂದೆರಡು ವಾರದಲ್ಲೇ ಚಿಕ್ಕದೊಂದು ಹೋಯಿತು ಅಂದ್ರೆ ಅಲ್ಲಿ ಟೆಸ್ಟ್, ರಿವ್ಯೂ, ಡಿಪ್ಲಾಯ್ ಎಲ್ಲಾ ನೆಟ್ಟಗಿವೆ ಅಂತ ಅರ್ಥ. ತಿಂಗಳುಗಟ್ಟಲೆ ಆಯಿತು ಅಂದ್ರೆ ಯಾಕೆ ಅಂತ ಕೇಳಿ. ಬ್ಯಾಂಕಿಂಗ್, ವೈದ್ಯಕೀಯ ಉಪಕರಣದಂಥ ಕಡೆ ನ್ಯಾಯವಾದ ಕಾರಣ ಇರುತ್ತೆ, ಉಳಿದ ಕಡೆ ಸುಮ್ನೆ ಪರ್ಮಿಷನ್‌ಗೆ ಕಾಯೋದು ಇರುತ್ತೆ. ಸೇರಿದ ದಿನವೇ ಪ್ರೊಡಕ್ಷನ್ ಪಾಸ್‌ವರ್ಡ್ ಕೊಟ್ವಿ ಅಂತ ಹೆಮ್ಮೆಯಿಂದ ಹೇಳಿದರೂ ಸ್ವಲ್ಪ ಹುಷಾರು.

ಎರಡು, "ಇತ್ತೀಚೆಗೆ ಸಿಸ್ಟಮ್ ಬಿದ್ದಾಗ ಏನಾಯ್ತು, ಆಮೇಲೆ ಏನು ಬದಲಾಯಿಸಿದಿರಿ?" ಒಳ್ಳೇ ಟೀಮಿನವರು ಇದಕ್ಕೆ ಕಥೆ ಹೇಳಿದ ಹಾಗೆ ಹೇಳ್ತಾರೆ: ಎಷ್ಟು ಹೊತ್ತಿಗೆ ಗೊತ್ತಾಯಿತು, ಮೊದಲು ಏನಂದುಕೊಂಡೆವು, ನಿಜವಾಗಿ ಏನಿತ್ತು, ಈಗ ಯಾವ ಅಲರ್ಟ್ ಇಟ್ಟಿದ್ದೇವೆ. ಗುಟ್ಟಿನ ವಿವರ ಬಿಟ್ಟು ಹೇಳೋದು ಕಷ್ಟವೇನಲ್ಲ. "ಒಬ್ಬ ಹುಡುಗ ತಪ್ಪು ಮಾಡಿದ, ಈಗ ಅವನಿಲ್ಲ" ಅಂದರೆ ಅಲ್ಲಿ ನೀವು ಕಲಿಯೋದು ತಪ್ಪು ಮುಚ್ಚಿಡೋದನ್ನು. "ನಮ್ಮಲ್ಲಿ ಯಾವತ್ತೂ ಬಿದ್ದಿಲ್ಲ" ಅಂದರೆ ಬಹುಶಃ ಯಾರೂ ನೋಡ್ತಾ ಇಲ್ಲ.

ರಿವ್ಯೂ ಬಗ್ಗೆ ನೇರವಾಗಿ ಕೇಳಬೇಡಿ. "ಮಾಡ್ತೀವಿ" ಅಂತ ಎಲ್ಲರೂ ಹೇಳೇ ಹೇಳ್ತಾರೆ. ಇತ್ತೀಚೆಗೆ ರಿವ್ಯೂನಲ್ಲಿ ಯಾವ ವಿಷಯಕ್ಕೆ ಚರ್ಚೆ ಆಯಿತು ಅಂತ ಕೇಳಿ. ನೆನಪಿಗೆ ಬಂದಿದ್ದು ಬರೀ ಸ್ಪೇಸು, ಹೆಸರಿನ ಜಗಳ ಆದರೆ ಅಲ್ಲಿಗೆ ಗೊತ್ತಾಯಿತು.

ಎರಡೂ ಕಡೆ ದುಡಿದ ಹಿರಿಯ ಓದುಗರು

ತಂಗೀ, ಮೇಲಿನ ಇಬ್ಬರೂ ಚೆನ್ನಾಗಿ ಹೇಳಿದ್ದಾರೆ, ಆದರೆ ಒಂದನ್ನು ಬಿಟ್ಟಿದ್ದಾರೆ. ಹೇಳಿಕೊಡುವವರು ಇದ್ದರಷ್ಟೇ ಸಾಲದು, ನೀನು ಬರೆದ ಕೋಡ್ ಒಂದು ವರ್ಷ ಬದುಕಬೇಕು. ಆ ಇಂಡೆಕ್ಸ್ ಪಾಠ ಸಿಕ್ಕಿದ್ದು ಯಾವಾಗ? ಟೇಬಲ್ ಬೆಳೆದ ಮೇಲೆ. ಚಿಕ್ಕ ಕಂಪನಿಗಳಲ್ಲಿ ಮೂರು ಮೂರು ತಿಂಗಳಿಗೆ ಪ್ರಾಡಕ್ಟೇ ಬದಲಾದರೆ ನೀನು ಎಲ್ಲವನ್ನೂ ಶುರು ಮಾಡಿರುತ್ತೀಯ, ಯಾವುದೂ ಭಾರ ಹೊತ್ತಾಗ ಹೇಗೆ ಬಿರುಕು ಬಿಡುತ್ತೆ ಅಂತ ನೋಡಿರಲ್ಲ. ರೆಸ್ಯುಮೆ ಉದ್ದ ಇರುತ್ತೆ, ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಮಾತು ನಿಲ್ಲುತ್ತೆ.

ಅದಕ್ಕೇ ಸ್ಟಾರ್ಟಪ್ಪಿನವರ ಹತ್ರ ರನ್‌ವೇ ಕೇಳು, ಅಂದರೆ ಕೈಲಿರೋ ಹಣ ಇನ್ನೆಷ್ಟು ತಿಂಗಳು ಬರುತ್ತೆ ಅಂತ. ಕೇಳೋಕೆ ನಾಚಿಕೆ ಬೇಡ. ಲೆಕ್ಕ ಸುಲಭ. ಕೈಲಿರೋ ಹಣವನ್ನು ತಿಂಗಳ ನಿವ್ವಳ ಖರ್ಚಿಂದ ಭಾಗಿಸು, ಅಂದರೆ ಖರ್ಚಲ್ಲಿ ಆದಾಯ ಕಳೆದಮೇಲೆ ಉಳಿಯೋದರಿಂದ. ಕೈಯಲ್ಲಿ 90 ಇದೆ, ತಿಂಗಳಿಗೆ 14 ಖರ್ಚು, 4 ಆದಾಯ ಅಂದ್ರೆ ನಿವ್ವಳ 10, ಒಂಬತ್ತು ತಿಂಗಳು. ಈ ಒಂಬತ್ತು ತಿಂಗಳು ಪೂರ್ತಿ ಕೆಲಸ ಮಾಡಬಹುದು ಅಂತಲೂ ಅಲ್ಲ. ಹೊಸ ಹೂಡಿಕೆ ತರೋಕೇ ತಿಂಗಳುಗಳು ಬೇಕು, ಆದ್ದರಿಂದ ಹಣ ಮುಗಿಯೋಕೆ ಎಷ್ಟೋ ಮೊದಲೇ ನೇಮಕಾತಿ ನಿಲ್ಲುತ್ತೆ, ಡೆಮೋದಲ್ಲಿ ಚೆಂದ ಕಾಣೋ ಕೆಲಸಗಳಿಗೇ ಎಲ್ಲರನ್ನೂ ಹಚ್ತಾರೆ. ಆ ಹೊತ್ತಿಗೆ ಮೊದಲು ಜಾಗ ಖಾಲಿ ಮಾಡೋರು ಅನುಭವಿಗಳು, ಅವರಿಗೆ ಬೇರೆ ಕಡೆ ಬೇಗ ಕೆಲಸ ಸಿಗುತ್ತಲ್ಲ. ನೀನು ಯಾರನ್ನು ನೋಡಿ ಸೇರಿದೆಯೋ ಅವರೇ ಹೋದಮೇಲೆ ಅಲ್ಲಿ ಏನಿದೆ? ಸಂಖ್ಯೆ ಹೇಳೋಕಾಗಲ್ಲ ಅಂದರೆ "ಹದಿನೆಂಟು ತಿಂಗಳಿಗಿಂತ ಜಾಸ್ತಿಯಾ, ಕಮ್ಮಿಯಾ" ಅಂತಾದರೂ ಕೇಳು.

ಷೇರಿನ ಮಾತು ತೆಗೆದರೆ ಕೇಳಿಸಿಕೋ. ಸಾಮಾನ್ಯವಾಗಿ ನಾಲ್ಕು ವರ್ಷದಲ್ಲಿ ಹಂತಹಂತವಾಗಿ ಕೊಡೋದು, ಮೊದಲ ವರ್ಷ ತುಂಬೋ ತನಕ ಏನೂ ಇಲ್ಲ. ನಿನ್ನ ಪ್ರಶ್ನೆ ಕಲಿಕೆಯದು, ಅದನ್ನು ತಕ್ಕಡಿಗೆ ಹಾಕಬೇಡ.

ದೊಡ್ಡ ಕಂಪನಿಯೊಂದರ ಉದ್ಯೋಗಿ

ಒಂದು ಸಣ್ಣ ಮಾತು. ನಮ್ಮಂಥ ಕಡೆ ಬಿಲ್ಡ್, ಡಿಪ್ಲಾಯ್, ಲಾಗ್, ಎಲ್ಲಕ್ಕೂ ಒಳಗೇ ಮಾಡಿಕೊಂಡ ಟೂಲ್‌ಗಳಿರುತ್ತವೆ. ಅವುಗಳ ಬಟನ್ ಯಾವುದು ಅಂತ ಕಲಿಯೋಕೇ ಮೊದಲ ಆರು ತಿಂಗಳು ಹೋಗಬಹುದು, ಹೊರಗೆ ಬಂದರೆ ಅದರಲ್ಲಿ ಅರ್ಧ ಕೆಲಸಕ್ಕೆ ಬರಲ್ಲ. ಜೊತೆಗೆ ಬರೋದು ಬೇರೆ. ಒಂದು ಬದಲಾವಣೆಯನ್ನು ಮೊದಲು ನೂರರಲ್ಲಿ ಒಬ್ಬ ಬಳಕೆದಾರನಿಗೆ ಬಿಟ್ಟು, ಗ್ರಾಫ್ ನೋಡಿ, ಆಮೇಲೆ ಹತ್ತಕ್ಕೆ, ಆಮೇಲೆ ಎಲ್ಲರಿಗೂ ಬಿಡೋದು, ಹಾಳಾದರೆ ಹಿಂದಕ್ಕೆ ತರೋ ದಾರಿಯನ್ನು ಮೊದಲೇ ಬರೆದಿಟ್ಟುಕೊಳ್ಳೋದು. ಡಿಸೈನ್ ಡಾಕ್ಯುಮೆಂಟ್‌ಗಳು ಕೂಡ. ಯಾವ ದಾರಿ ಬಿಟ್ಟರು, ಯಾಕೆ ಬಿಟ್ಟರು ಅಂತ ವರ್ಷಗಳ ಹಿಂದಿನ ವಾದ ಅಲ್ಲಿರುತ್ತೆ, ಯಾರೂ ಓದು ಅನ್ನಲ್ಲ, ಯಾರೂ ಬೇಡ ಅಂತಲೂ ಅನ್ನಲ್ಲ. ಸಿಸ್ಟಮ್ ಬಿದ್ದ ಮೇಲೆ ಬರೆಯೋ ವರದಿಗಳೂ ಹಾಗೇ, ಎಷ್ಟೋ ಕಡೆ ಎಲ್ಲರಿಗೂ ತೆರೆದಿರುತ್ತವೆ. ಹನ್ನೆರಡು ಜನರ ಕಂಪನಿಯಲ್ಲಿ ಇದೆಲ್ಲಾ ಯಾರೋ ಒಬ್ಬರ ತಲೆಯಲ್ಲಿರುತ್ತೆ.

ದೊಡ್ಡ ಕಂಪನಿ ಆರಿಸಿಕೊಂಡರೆ ಆನ್-ಕಾಲ್ ಸರದಿಗೆ, ಅಂದರೆ ಸಿಸ್ಟಮ್ ಬಿದ್ದಾಗ ಮೊದಲು ನೋಡಬೇಕಾದವರ ಪಾಳಿಗೆ, ನಿಮ್ಮ ಹೆಸರನ್ನು ನೀವಾಗೇ ಕೊಡಿ, ಮೊದಲು ಅನುಭವಿಯೊಬ್ಬರ ಜೊತೆ ನೆರಳಿನಂತೆ. ಟೂಲ್ ಯಾಕೆ ಬೇಡ ಅಂದಿತು ಅಂತ ಆ ಸರದಿಯ ಹೊತ್ತಲ್ಲಿ ಅವರ ಪಕ್ಕ ಕೂತು ಕೇಳಬಹುದು. ಹೊಸಬರಿಗೆ ಆನ್-ಕಾಲ್ ಕೊಡೋದೇ ಇಲ್ಲ, ಕೇಳಿದರೂ ಇಲ್ಲ ಅಂತ ಮಾತುಕತೆಯಲ್ಲೇ ಗೊತ್ತಾದರೆ, ಮತ್ತು ಆ ಸ್ಟಾರ್ಟಪ್ಪಲ್ಲಿ ನಿಮ್ಮ ಕೋಡ್ ಓದೋ ಅನುಭವಿ ಒಬ್ಬರು ನಿಜಕ್ಕೂ ಇದ್ದರೆ, ನಾನಂತೂ ಸ್ಟಾರ್ಟಪ್ಪಿಗೇ ಹೋಗಿ ಅಂತೀನಿ.